ಯೋಜನೆಯ ಲೆಕ್ಕದಲ್ಲಿ ಬಡ್ಡಿ ಎಲ್ಲಿದೆ?

"ಸಾರ್, ತಿಂಗಳು ತಿಂಗಳು ಬಡ್ಡಿ ಕಟ್ಟೋನು ನಾನು. ಅದನ್ನೇ ಬಿಟ್ಟು ಲೆಕ್ಕ ಹಾಕಿದ್ರೆ ಹೇಗೆ?" ಗೋಡಂಬಿ ಸಂಸ್ಕರಣಾ ಘಟಕ ಹಾಕಲು ಹೊರಟಿದ್ದವರೊಬ್ಬರು, ಯೋಜನೆಯ ಹಣದ ಹರಿವಿನಲ್ಲಿ ಬಡ್ಡಿಯನ್ನು ಕಳೆಯದ ನನ್ನ ಶೀಟ್ ನೋಡಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಬಾಯಿಮಾತಿನಲ್ಲಿ ವಿವರಿಸುವ ಬದಲು ಒಂದೇ ವರ್ಷದ ಸಣ್ಣ ಲೆಕ್ಕ ಹಾಕಿ ತೋರಿಸಿದೆ.

ಹೂಡಿಕೆ 100 ಲಕ್ಷ. ಅರ್ಧ ಬ್ಯಾಂಕ್ ಸಾಲ, ಬಡ್ಡಿ 12%. ಉಳಿದರ್ಧ ಸ್ವಂತ ದುಡ್ಡು, ಅದರ ಮೇಲೆ ಅವರು ಬಯಸುವ ಗಳಿಕೆ 15%. ತೆರಿಗೆ 25% ಎಂದಿಟ್ಟುಕೊಳ್ಳೋಣ. ಬಡ್ಡಿ ಕಟ್ಟಿದಷ್ಟಕ್ಕೆ ತೆರಿಗೆ ಉಳಿಯುವುದರಿಂದ ಸಾಲದ ನಿಜವಾದ ವೆಚ್ಚ 9%. ಅರ್ಧರ್ಧ ಸೇರಿಸಿದರೆ ಬಂಡವಾಳದ ಸರಾಸರಿ ವೆಚ್ಚ, ಅಂದರೆ ವ್ಯಾಕ್, 12%.

ವರ್ಷದ ಕೊನೆಗೆ ಹಾಕಿದ 100 ಲಕ್ಷ ವಾಪಸ್ ಬರುತ್ತದೆ, ಜೊತೆಗೆ 16 ಲಕ್ಷ ಲಾಭ. ಸಾಲವೇ ಇಲ್ಲವೆಂಬಂತೆ ಅದಕ್ಕೆ 4 ಲಕ್ಷ ತೆರಿಗೆ ಕಳೆದರೆ ಕೈಗೆ 112 ಲಕ್ಷ. ಅದನ್ನು 12%ರಲ್ಲಿ ಡಿಸ್ಕೌಂಟ್ ಮಾಡಿದರೆ, ಅಂದರೆ 1.12ರಿಂದ ಭಾಗಿಸಿ ಇಂದಿನ ಬೆಲೆಗೆ ಇಳಿಸಿದರೆ, ಸರಿಯಾಗಿ 100. ಅದರಲ್ಲಿ ಹೂಡಿದ 100 ಕಳೆದರೆ ನಿವ್ವಳ ಪ್ರಸ್ತುತ ಮೌಲ್ಯ ಸೊನ್ನೆ.

ಸೊನ್ನೆ ಎಂದರೆ ಬಡ್ಡಿಗೆ ದುಡ್ಡಿಲ್ಲ ಎಂದಲ್ಲ. ನಿಜದಲ್ಲಿ ಏನಾಗುತ್ತದೆ ನೋಡಿ. 6 ಲಕ್ಷ ಬಡ್ಡಿ ಕಳೆದ ಮೇಲೆ ತೆರಿಗೆ ಬೀಳುವುದು 10 ಲಕ್ಷಕ್ಕೆ, ಅದು 2.5 ಲಕ್ಷ. 116ರಲ್ಲಿ ಅದನ್ನು ಕಳೆದರೆ 113.5. ಬ್ಯಾಂಕಿಗೆ ಅಸಲು, ಬಡ್ಡಿ ಸೇರಿ 56 ಕೊಟ್ಟ ಮೇಲೆ ಮಾಲೀಕರಿಗೆ 57.5 ಲಕ್ಷ. ಅವರ 50 ಲಕ್ಷಕ್ಕೆ ಸರಿಯಾಗಿ 15%. ಬಡ್ಡಿಯೂ ಸಂದಿದೆ, ಅವರು ಬಯಸಿದ್ದೂ ಸಿಕ್ಕಿದೆ. ಇಬ್ಬರ ಪಾಲನ್ನೂ ಆ 12% ಮೊದಲೇ ಹೊತ್ತುಕೊಂಡಿತ್ತು.

ಈಗ ಅವರು ಹೇಳಿದಂತೆ 113.5ರಲ್ಲಿ 6 ಲಕ್ಷ ಬಡ್ಡಿಯನ್ನೂ ಕಳೆದು, ಉಳಿದ 107.5 ಲಕ್ಷವನ್ನು ಅದೇ 12%ಕ್ಕೆ ಡಿಸ್ಕೌಂಟ್ ಮಾಡಿದರೆ ಸುಮಾರು 4 ಲಕ್ಷ ನಷ್ಟ ಕಾಣುತ್ತದೆ. ಬಡ್ಡಿ ಎರಡು ಸಲ ಕಳೆದುಹೋಗಿದೆ. ಹೀಗೆ ಮಾಡಿದರೆ ಒಳ್ಳೆಯ ಯೋಜನೆಯೂ ಕಾಗದದ ಮೇಲೆಯೇ ಸಾಯುತ್ತದೆ.

ಇದಕ್ಕಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಬೀಳುವ ತಪ್ಪು ತೆರಿಗೆಯದು. ಬ್ಯಾಂಕಿಗೆಂದು ಮಾಡಿದ ಪ್ರಾಜೆಕ್ಟ್ ರಿಪೋರ್ಟಿನಿಂದ ನಿವ್ವಳ ಲಾಭ ಎತ್ತಿಕೊಂಡು, ಸವಕಳಿ ಮತ್ತು ಬಡ್ಡಿ ಮರಳಿ ಸೇರಿಸುತ್ತಾರೆ. ಆದರೆ ತೆರಿಗೆ 2.5 ಲಕ್ಷವೇ ಉಳಿದುಬಿಡುತ್ತದೆ. ಹರಿವು 113.5 ಆಗಿ, ಇಲ್ಲದ 1.34 ಲಕ್ಷದ ಲಾಭ ಹುಟ್ಟಿಕೊಳ್ಳುತ್ತದೆ. ಬಡ್ಡಿಯ ತೆರಿಗೆ ಉಳಿತಾಯ 9%ರೊಳಗೆ ಒಮ್ಮೆ ಬಂದಾಗಿದೆ, ಹರಿವಿನಲ್ಲಿ ಮತ್ತೆ ಬರಬಾರದು. ಪತ್ತೆ ಹಚ್ಚುವುದು ಸುಲಭ: ಸಾಲದ ಮೊತ್ತ ಬದಲಿಸಿ ನೋಡಿ. ಹರಿವಿನ ಸಾಲು ಅಲುಗಿದರೆ ಸಾಲ ಎಲ್ಲೋ ಒಳಗೆ ನುಸುಳಿದೆ ಎಂದೇ ಅರ್ಥ.

ಬಡ್ಡಿ ಕಳೆದೇ ನೋಡಬೇಕೆಂದರೆ ಅದಕ್ಕೂ ದಾರಿಯಿದೆ. ಅಸಲನ್ನೂ ಕಳೆದು ಉಳಿದ 57.5ನ್ನು 15%ಕ್ಕೆ ಡಿಸ್ಕೌಂಟ್ ಮಾಡಿ, ಸ್ವಂತ 50 ಲಕ್ಷದ ಜೊತೆ ಹೋಲಿಸಿ. ಉತ್ತರ ಮತ್ತೆ ಸೊನ್ನೆಯೇ. ಸಾಲ ವರ್ಷವರ್ಷ ಬೇಗ ತೀರುತ್ತ ಹೋಗುವ ಕಡೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ಅರ್ಧರ್ಧ ಎಂಬ ಅನುಪಾತವೇ ನಿಲ್ಲದಿದ್ದಾಗ ಒಂದೇ ವ್ಯಾಕ್ ಎಲ್ಲ ವರ್ಷಕ್ಕೂ ಹೊಂದುವುದಿಲ್ಲ. ಆಗ ಮಾಲೀಕರು ಬಯಸುವ ದರವನ್ನೂ ಮರುನೋಡಬೇಕು, ಏಕೆಂದರೆ ಸಾಲ ಇಳಿದಂತೆ ಅವರ ಅಪಾಯವೂ ಇಳಿಯುತ್ತದೆ.