ಸಂತೆಯ ಮೂರು ಸಾಲು: ಯಂತ್ರದ ಬರಹವನ್ನು ಬಾಯಿಮಾತಿಗೆ ತರುವುದು

ಕಾಲೇಜು ಪತ್ರಿಕೆಗೆ ಬಂದ ಲೇಖನವೊಂದರ ಮೂರು ಸಾಲು ನೋಡಿ:

"ಗ್ರಾಮೀಣ ಪ್ರದೇಶದ ಸಂತೆಯು ಒಂದು ಪ್ರಮುಖ ವ್ಯಾಪಾರ ಕೇಂದ್ರವಾಗಿದೆ. ಇಲ್ಲಿ ವಿವಿಧ ತರಕಾರಿಗಳು ಮತ್ತು ದಿನಬಳಕೆಯ ವಸ್ತುಗಳನ್ನು ಮಾರಾಟ ಮಾಡಲಾಗುತ್ತದೆ. ಇದು ಕೇವಲ ಮಾರುಕಟ್ಟೆಯಲ್ಲ, ಬದಲಿಗೆ ಬಾಂಧವ್ಯವನ್ನು ಬಲಪಡಿಸುವ ವೇದಿಕೆಯಾಗಿದೆ."

ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಮನುಷ್ಯರು ಬರೆದಂತಿಲ್ಲ, ಅಲ್ವಾ? ಎಲ್ಲಿ ಕೆಟ್ಟಿದೆ ಅಂತ ತಿಳಿಯಲು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಹಾಕಿ. ಆಗಿದೆ, ಲಾಗುತ್ತದೆ, ಆಗಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹಾಗಾಗಿ ಬಾಲ ಒಂದೇ ಆದರೆ ಅದೇ ಸದ್ದು ಮತ್ತೆ ಮತ್ತೆ ಕಿವಿಗೆ ಬಡಿಯುತ್ತದೆ. ಪದ ಎಣಿಸಿದರೆ 7, 8, 7. ಉದ್ದವೂ ಹೆಚ್ಚುಕಡಿಮೆ ಒಂದೇ.

ಮೊದಲು 'ಆಗಿದೆ' ತೆಗೆಯಿರಿ. "ಇವರು ನನ್ನ ಅತ್ತೆ" ಅನ್ನುತ್ತೇವೆ, "ಅತ್ತೆಯಾಗಿದ್ದಾರೆ" ಅಂತ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಇಂಥ ಕಡೆ ಕನ್ನಡಕ್ಕೆ ಕ್ರಿಯಾಪದವೇ ಬೇಡ. 'ಒಂದು ಪ್ರಮುಖ' ಅನ್ನುವಲ್ಲಿ 'ಒಂದು' ಕೂಡ ಸುಮ್ನೆ ಬಂದು ಕೂತಿದೆ, ಅಲ್ಲಿ ಯಾರೂ ಏನನ್ನೂ ಎಣಿಸುತ್ತಿಲ್ಲ.

ಆಮೇಲೆ 'ಮಾಡಲಾಗುತ್ತದೆ'. ಯಾರು ಮಾರುತ್ತಾರೆ ಅಂತ ಕೇಳಿ. ಉತ್ತರ ಸಿಕ್ಕರೆ ವಾಕ್ಯಕ್ಕೆ ಜನ ಬರುತ್ತಾರೆ. 'ವಿವಿಧ' ಕಂಡಲ್ಲಿ ಎರಡು ಮೂರು ಹೆಸರು ಹೇಳಿ. ಮೂರನೆಯ ವಾಕ್ಯದ 'ಕೇವಲ ಅಲ್ಲ, ಬದಲಿಗೆ' ಅನ್ನುವ ಜೋಡಿಯನ್ನು ತಿದ್ದಲು ಹೋಗಬೇಡಿ. ಪೂರ್ತಿ ಬಿಟ್ಟು, ಬಾಂಧವ್ಯ ಕಾಣುವ ಒಂದು ಘಟನೆ ಹೇಳಿ. ಇದಕ್ಕಾಗಿ ಲೇಖನ ಕಳಿಸಿದವನನ್ನೇ ಕೂರಿಸಿಕೊಂಡು ಕೇಳಿದೆ: "ನಿಮ್ಮೂರಲ್ಲಿ ಯಾವ ವಾರ? ಯಾರು ಹೋಗ್ತಾರೆ?" ಅವನು ಹೇಳಿದ್ದನ್ನೇ ಜೋಡಿಸಿದಾಗ ಹೀಗಾಯಿತು:

"ನಮ್ಮೂರ ಸಂತೆ ಮಂಗಳವಾರ. ಬೆಳಿಗ್ಗೆ ಏಳಕ್ಕೇ ಸೊಪ್ಪಿನವರು ಗುಡಿ ಮುಂದೆ ಗೋಣಿಚೀಲ ಹಾಸಿ ಕೂತಿರುತ್ತಾರೆ. ದಂಟು, ಸಬ್ಬಸಿಗೆ, ಮೆಂತ್ಯ. ಅಜ್ಜಿ ಎರಡು ಕಟ್ಟು ಸೊಪ್ಪು ತರಲು ಹೋಗಿ, ತವರೂರಿನವರನ್ನು ಕಂಡು, ಅಲ್ಲೇ ಕಟ್ಟೆ ಮೇಲೆ ಕೂತು ಮಾತಾಡಿ, ಊಟದ ಹೊತ್ತಿಗೆ ಬರುತ್ತಾಳೆ. ಸೊಪ್ಪು ಬಾಡಿರುತ್ತದೆ."

ಈಗ ಎಣಿಸಿದರೆ 3, 8, 3, 16, 2. ಉದ್ದ ವಾಕ್ಯ ಇದ್ದೂ ಓದಲು ತೊಡಕಿಲ್ಲ. ಹೋಗಿ, ಕಂಡು, ಕೂತು, ಮಾತಾಡಿ ಅಂತ ಒಂದರ ಹಿಂದೆ ಒಂದು ಕೆಲಸ ಪೋಣಿಸುವುದು ನಮ್ಮ ಮಾತಿನ ರೂಢಿ. 'ಮತ್ತು' ಒಂದೂ ಬೇಕಾಗಲಿಲ್ಲ.

ಎಡವಿದ್ದೂ ಇದೆ. ಮೊದಲ ಸಲ ನಾನು ಎಲ್ಲವನ್ನೂ ಮೂರು ಮೂರು ಪದಕ್ಕೆ ಕತ್ತರಿಸಿ, ಸಾಲಿಗೊಂದು 'ಅಲ್ವಾ' ಸೇರಿಸಿದ್ದೆ. ಅದು ಇನ್ನೊಂದು ಥರದ ಯಂತ್ರ, ಜಾಹೀರಾತಿನದು. ಗೋಣಿಚೀಲವನ್ನು ನಾನೇ ಕಲ್ಪಿಸಿ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ಊರು ಕಂಡವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಹಾಗಂತ 'ಲಾಗುತ್ತದೆ', 'ಲಾಗುವುದು' ಇಂಥವನ್ನು ಎಲ್ಲೆಡೆ ಅಳಿಸಬೇಕಿಲ್ಲ. "ನಾಳೆ ನೀರು ನಿಲ್ಲಿಸಲಾಗುವುದು" ಅನ್ನುವ ಸೂಚನೆಯಲ್ಲಿ ಯಾರು ನಿಲ್ಲಿಸುತ್ತಾರೆ ಅನ್ನುವುದು ಯಾರಿಗೂ ಬೇಕಿಲ್ಲ, ಎಷ್ಟು ಹೊತ್ತಿಗೆ ಅನ್ನುವುದು ಬೇಕು.