‘ಸಾಕು ಬಿಡ್ರೋ’ ಅಂದರೂ ಯಾರೂ ಯಾಕೆ ನಿಲ್ಲಿಸುವುದಿಲ್ಲ?

ಗೆಳೆಯರು ಸೇರಿದ ಮೇಲೆ ಕಾಲೆಳೆಯುವುದು ಇದ್ದದ್ದೇ. ಎಷ್ಟು ಹತ್ತಿರದವರೋ ಅಷ್ಟು ಜೋರಾಗಿ ರೇಗಿಸುತ್ತೇವೆ, ಬೇರೆಯವರು ಅಂದರೆ ಜಗಳವಾಗುವಂಥ ಮಾತನ್ನು ಇವರು ಅಂದರೆ ನಗುತ್ತೇವೆ. ತೊಂದರೆ ಬರುವುದು ಯಾರಿಗೋ ಒಬ್ಬರಿಗೆ ಆ ಹೊತ್ತಿಗೆ ಅದು ಸಾಕಾದಾಗ. ಅವರು ‘ಏ ಸಾಕು ಬಿಡ್ರೋ’ ಅನ್ನುತ್ತಾರೆ, ಎಲ್ಲರೂ ಇನ್ನೂ ಜೋರಾಗಿ ನಗುತ್ತಾರೆ, ಮಾತು ಮುಂದುವರಿಯುತ್ತದೆ. ಇಲ್ಲಿ ಗೆಳೆಯರು ಕೆಟ್ಟವರು ಅಂತೇನೂ ಇಲ್ಲ. ‘ಸಾಕು’ ಅನ್ನುವುದು ತಮಾಷೆಯ ಒಳಗೇ ಸೇರಿಹೋದ ಮಾತು. ಖುಷಿಯಾಗಿದ್ದಾಗಲೂ ನಾವು ‘ಸಾಕು’ ಅನ್ನುತ್ತೇವೆ, ‘ಸುಮ್ನಿರೋ ಮಾರಾಯ’ ಅನ್ನುತ್ತೇವೆ, ‘ಕೊಲ್ತೀನಿ ನಿನ್ನ’ ಅಂತಲೂ ಅನ್ನುತ್ತೇವೆ. ಹಾಗಾಗಿ ನಿಜವಾಗಿ ಸಾಕಾದಾಗ ಹೇಳಲಿಕ್ಕೆ ಬೇರೆ ಮಾತೇ ಉಳಿದಿರುವುದಿಲ್ಲ.

ಇದರ ಹಿಂದಿನ ಲೆಕ್ಕಾಚಾರ ಹಳೆಯದು. 1952ರಲ್ಲಿ ಗ್ರೆಗರಿ ಬೇಟ್ಸನ್ ಎಂಬ ಮಾನವಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಎರಡು ಮರಿ ಕೋತಿಗಳನ್ನು ನೋಡುತ್ತ ನಿಂತಿದ್ದರು. ಕೋತಿಗಳು ಹೊಡೆದಾಡುವ ಹಾಗೆ ಆಡುತ್ತಿದ್ದವು, ಆದರೆ ಅದು ಹೊಡೆದಾಟವಲ್ಲ ಎಂದು ನೋಡುವವರಿಗೂ ಗೊತ್ತಾಗುತ್ತಿತ್ತು, ಆ ಕೋತಿಗಳಿಗೂ ಗೊತ್ತಿತ್ತು. ಹಾಗಿದ್ದರೆ ಅವು ಒಂದಕ್ಕೊಂದು ‘ಇದು ಆಟ’ ಎಂಬ ಸೂಚನೆಯನ್ನು ಹೇಗೋ ಕೊಟ್ಟುಕೊಳ್ಳುತ್ತಿರಲೇಬೇಕು ಎಂದು ಬೇಟ್ಸನ್ ವಾದಿಸಿದರು. ಆಟದ ಕಡಿತ ಕಡಿತದ ಹಾಗೇ ಕಾಣುತ್ತದೆ, ಆದರೆ ಕಡಿತದ ಅರ್ಥ ಅದಕ್ಕಿಲ್ಲ. ಗೆಳೆಯರ ಗೇಲಿಯೂ ಹಾಗೇ. ‘ನೀನೊಬ್ಬ ದಂಡಪಿಂಡ’ ಎಂಬ ಮಾತು ಬೈಗುಳದ ಹಾಗಿದೆ, ಬೈಗುಳವಲ್ಲ. ಈಗ ಎಡವಟ್ಟು ಎಲ್ಲಿದೆ ನೋಡಿ: ‘ಇದು ಆಟ’ ಎಂಬ ಸೂಚನೆ ಒಮ್ಮೆ ಬಿದ್ದ ಮೇಲೆ, ಅದರೊಳಗೆ ಆಡಿದ ಎಲ್ಲ ಮಾತಿಗೂ ಅದು ಅನ್ವಯಿಸುತ್ತದೆ. ಬೈಗುಳ ಬೈಗುಳವಲ್ಲ ಅಂತಾದರೆ, ‘ಸಾಕು’ ಕೂಡ ಸಾಕು ಅಲ್ಲ ಅಂತಾಗುತ್ತದೆ. ಆಟವನ್ನು ನಿಲ್ಲಿಸಬೇಕಾದ ಸಂಕೇತ ಆಟದ ಹೊರಗಿನಿಂದ ಬರಬೇಕು.

ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. 1950ರ ದಶಕದಲ್ಲಿ ಅಯೋನಾ ಮತ್ತು ಪೀಟರ್ ಓಪಿ ದಂಪತಿ ಬ್ರಿಟನ್ನಿನ ಶಾಲಾ ಮಕ್ಕಳ ಆಟದ ಮಾತುಗಳನ್ನು ಸಂಗ್ರಹಿಸಿದಾಗ, ಓಟದ ಆಟದ ನಡುವೆ ವಿರಾಮ ಕೇಳಲಿಕ್ಕೆ ಮಕ್ಕಳು ಬಳಸುವ ಪದಗಳೇ ರಾಶಿ ಸಿಕ್ಕವು. ಒಂದು ಊರಲ್ಲಿ ‘ಬಾರ್ಲಿ’, ಇನ್ನೊಂದು ಕಡೆ ‘ಫೇನೈಟ್ಸ್’, ಮತ್ತೊಂದು ಕಡೆ ‘ಕಿಂಗ್ಸ್’. ಪದದ ಜೊತೆಗೆ ಬೆರಳು ಹೆಣೆದು ತೋರಿಸುವುದೂ ಇತ್ತು. ಹಾಗೆ ಅಂದವರು ಸೋತರು ಅಂತಲ್ಲ. ಲೇಸು ಬಿಚ್ಚಿದೆ, ಉಸಿರು ಹತ್ತುತ್ತಿದೆ, ಸ್ವಲ್ಪ ತಡೀರಿ ಅಂತ ಅಷ್ಟೆ. ದೊಡ್ಡವರಾಗುತ್ತ ನಾವು ಓಡುವ ಆಟ ಬಿಟ್ಟೆವು, ಮಾತಿನ ಆಟ ಉಳಿಸಿಕೊಂಡೆವು, ವಿರಾಮದ ಪದವನ್ನು ಮಾತ್ರ ಕಳೆದುಕೊಂಡೆವು. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ.

‘ನಮಗೆ ಅದೆಲ್ಲ ಬೇಡ, ಮುಖ ನೋಡಿದರೇ ಗೊತ್ತಾಗುತ್ತೆ’ ಎಂದು ಹೇಳುವವರು ಬಹಳ. ಇಲ್ಲಿ ಎರಡು ಸಂಶೋಧನೆ ಅಡ್ಡ ಬರುತ್ತವೆ. 2011ರಲ್ಲಿ ಪ್ರಕಟವಾದ ಒಂದರಲ್ಲಿ, ಕೆನೆತ್ ಸಾವಿಟ್ಸ್ಕಿ ಮತ್ತು ಸಂಗಡಿಗರು ಎರಡು ಮೂರು ಅರ್ಥ ಬರುವ ಮಾತುಗಳನ್ನು ಜನರಿಗೆ ಕೊಟ್ಟು, ಕೇಳುವವರಿಗೆ ಸರಿಯಾದ ಅರ್ಥ ಮುಟ್ಟಿಸಿ ಅಂದರು. ಕೇಳುವವರಲ್ಲಿ ಒಬ್ಬರು ಅವರ ಗಂಡ ಅಥವಾ ಹೆಂಡತಿ, ಉಳಿದವರು ಅಪರಿಚಿತರು. ಮಾತು ಹೇಳಿದವರು, ನಮ್ಮವರಿಗೆ ಚೆನ್ನಾಗಿ ಅರ್ಥವಾಗಿರುತ್ತದೆ ಎಂದು ನಂಬಿದ್ದರು. ನಮ್ಮವರಿಗೆ ಅರ್ಥವಾಗಿದ್ದು ಅಪರಿಚಿತರಿಗಿಂತ ಜಾಸ್ತಿ ಏನೂ ಇರಲಿಲ್ಲ. ಹತ್ತಿರದವರು ಎಂಬ ಭರವಸೆಯಲ್ಲೇ ಎಚ್ಚರ ಸಡಿಲವಾಗುತ್ತದೆ. ಇನ್ನೊಂದು 2006ರದು, ಜಸ್ಟಿನ್ ಕ್ರೂಗರ್ ತಂಡದ್ದು: ರೇಗಿಸಿದವರಿಗೆ ತಮ್ಮ ಉದ್ದೇಶ ಒಳ್ಳೆಯದು ಅಂತ ಗೊತ್ತು, ಹಾಗಾಗಿ ಅವರಿಗೆ ಆ ಘಟನೆ ಹಗುರವಾಗಿ ಕಾಣುತ್ತದೆ. ರೇಗಿಸಿಕೊಂಡವರಿಗೆ ಉದ್ದೇಶ ಕಾಣುವುದಿಲ್ಲ, ಕಿವಿಗೆ ಬಿದ್ದ ಮಾತು ಮಾತ್ರ ಕಾಣುತ್ತದೆ. ಒಬ್ಬರೇ ವ್ಯಕ್ತಿ ಒಮ್ಮೆ ರೇಗಿಸಿ, ಇನ್ನೊಮ್ಮೆ ರೇಗಿಸಿಕೊಂಡರೂ ಲೆಕ್ಕ ಹೀಗೇ ತಿರುಗುತ್ತದೆ. ಅಂದರೆ ಇದಕ್ಕೂ ಸ್ವಭಾವಕ್ಕೂ ಸಂಬಂಧವಿಲ್ಲ, ನಾವು ಯಾವ ಕಡೆ ಕೂತಿದ್ದೇವೆ ಅನ್ನುವುದೇ ಎಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ. ನಾಲ್ವರು ಗೆಳೆಯರು: ಕಿರಣ್, ಸುಮಾ, ನವೀನ್, ಆಶಾ. ಕಿರಣ್ ಯಾವ ಕೆಲಸದಲ್ಲೂ ವರ್ಷ ತುಂಬಿಸುವುದಿಲ್ಲ ಎಂಬುದು ಗುಂಪಿನ ಹಳೇ ಜೋಕು, ಅವನೇ ಅದನ್ನು ಎಷ್ಟೋ ಸಲ ಹೇಳಿ ನಗಿಸಿದ್ದಾನೆ. ಇವತ್ತು ಬೆಳಿಗ್ಗೆ ಅವನ ಕೆಲಸ ಹೋಗಿದೆ, ಅದು ಇನ್ನೂ ಯಾರಿಗೂ ಗೊತ್ತಿಲ್ಲ. ಸಂಜೆ ನವೀನ್ ಎಂದಿನಂತೆ, ‘ಈ ಆಫೀಸಿನವರಿಗಾದರೂ ನಿನ್ನ ಹೆಸರು ಬಾಯಿಪಾಠ ಆಯ್ತಾ?’ ಅನ್ನುತ್ತಾನೆ. ಕಿರಣ್ ನಗುತ್ತಾನೆ, ಆದರೆ ಉಳಿದವರಿಗಿಂತ ಚೂರು ತಡವಾಗಿ. ಎರಡನೇ ಜೋಕಿಗೆ ಬಾಯಿ ನಗುತ್ತದೆ, ಕಣ್ಣು ಫೋನಿನ ಮೇಲಿರುತ್ತದೆ. ಮೂರನೆಯದಕ್ಕೆ ‘ಸಾಕು ಬಿಡೋ’ ಅನ್ನುತ್ತಾನೆ. ಈ ಗುರುತುಗಳೆಲ್ಲ ಅಲ್ಲೇ ಇವೆ, ಆದರೆ ನಗುತ್ತಿರುವ ಮೂರು ಜನರಿಗೆ ಅವು ಕಾಣುವುದಿಲ್ಲ. ಹೋದ ತಿಂಗಳು ಇದೇ ಜೋಕಿಗೆ ಇವನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಅಲ್ವಾ. ನಿಲ್ಲಿಸಬೇಕಾದರೆ ಅವನು ಈಗ ಎಲ್ಲರ ಮುಂದೆ ವಿಷಯ ಬಿಚ್ಚಿಡಬೇಕು, ಇಲ್ಲವೇ ರೇಗಬೇಕು, ಇಲ್ಲವೇ ನುಂಗಿಕೊಂಡು ಕೂರಬೇಕು. ಹೆಚ್ಚಿನವರು ನುಂಗಿಕೊಳ್ಳುತ್ತಾರೆ. ಆಮೇಲೆ ಮೂರು ವಾರ ಸಿಗುವುದಿಲ್ಲ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಈಗ ಅದೇ ಗುಂಪು ಮೊದಲೇ ಒಂದು ಪದ ಗೊತ್ತುಮಾಡಿಕೊಂಡಿದೆ ಅನ್ನಿ. ಪದ ‘ಭೂಗೋಳ’. ಇದನ್ನು ಆರಿಸಲು ಕಾರಣವಿದೆ. ಹರಟೆಯಲ್ಲಿ ಅದು ತಾನಾಗಿ ಬರುವುದಿಲ್ಲ, ಗಂಟಲು ಕಟ್ಟಿದ್ದರೂ ಹೇಳಬಹುದು, ಕೇಳಿದರೆ ನಗು ಬರುವಂಥದ್ದೂ ಅಲ್ಲ. ನಗು ಬರಿಸುವ ಪದವನ್ನು ಆರಿಸಬೇಡಿ, ಅದು ಎರಡೇ ದಿನದಲ್ಲಿ ಇನ್ನೊಂದು ಜೋಕಾಗುತ್ತದೆ. ಜೊತೆಗೆ ಒಂದು ಸನ್ನೆಯೂ ಇರಲಿ, ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡುವ ಥರದ್ದು. ಗಲಾಟೆಯಲ್ಲಿ ಪದ ಕೇಳಿಸದೇ ಹೋಗಬಹುದು, ಕೆಲವರಿಗೆ ಆ ಹೊತ್ತಿನಲ್ಲಿ ಬಾಯಿಂದ ಮಾತೇ ಹೊರಡುವುದಿಲ್ಲ.

ಕಿರಣ್ ಎರಡನೇ ಜೋಕಿಗೇ ಅಂಗೈ ಇಡುತ್ತಾನೆ. ನವೀನ್ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸುತ್ತಾನೆ. ‘ಇದೊಂದು ಹೇಳಿ ಮುಗಿಸ್ತೀನಿ’ ಇಲ್ಲ, ‘ಯಾಕೋ, ಏನಾಯ್ತು’ ಇಲ್ಲ, ‘ಸಾರಿ ಸಾರಿ’ ಅಂತ ಮೈಮೇಲೆ ಬೀಳುವುದೂ ಇಲ್ಲ. ಆಶಾ ಬೇರೆ ಮಾತು ತೆಗೆಯುತ್ತಾಳೆ. ಜೋಕು ಹೇಳುತ್ತಿದ್ದವರನ್ನು ಬಿಟ್ಟು ಬೇರೆಯವರು ಮಾತು ಬದಲಿಸಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಲ್ಲರೂ ಜೋಕು ಹೇಳಿದವನ ಮುಖ ನೋಡುತ್ತ ಕೂರುತ್ತಾರೆ, ಅವನು ಗಲಿಬಿಲಿಗೊಂಡು ಸಮರ್ಥನೆ ಶುರು ಮಾಡುತ್ತಾನೆ.

ಕಾರಣ ಕೇಳಬಾರದು ಎಂಬ ನಿಯಮವೇ ಇಡೀ ಒಪ್ಪಂದದ ಜೀವ. ಕೇಳಿದ ಕೂಡಲೇ ಸಂಕೇತಕ್ಕೆ ಬೆಲೆ ತೆರಬೇಕಾಗುತ್ತದೆ, ಬೆಲೆ ಇದ್ದರೆ ಯಾರೂ ಬಳಸುವುದಿಲ್ಲ. ದೇಹದ ಕಡೆಯಿಂದಲೂ ಒಂದು ಕಾರಣವಿದೆ. ಅವಮಾನವೋ ಸಿಟ್ಟೋ ಏರಿದಾಗ ಎದೆಬಡಿತ ಜೋರಾಗುತ್ತದೆ, ಯೋಚನೆ ಕಿರಿದಾಗುತ್ತದೆ. ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಗಮನಿಸಿದ ಜಾನ್ ಗಾಟ್‌ಮನ್, ಅಂಥ ಹೊತ್ತಿನಲ್ಲಿ ಕನಿಷ್ಠ 20 ನಿಮಿಷ ಬಿಡುವು ಬೇಕು ಅನ್ನುತ್ತಾರೆ. ಪದ ಹೇಳಿದ ಎರಡೇ ನಿಮಿಷಕ್ಕೆ ‘ಈಗ ಸರಿಹೋಯ್ತಾ?’ ಎಂದು ಕೇಳಿದರೆ, ಸರಿಹೋಗಿಲ್ಲದ ಮನುಷ್ಯನಿಂದ ‘ಹೂಂ’ ಎಂಬ ಸುಳ್ಳು ಹೇಳಿಸಿದ ಹಾಗೆ. ಆ ವಿಷಯ ಅವತ್ತಿಗೆ ಮುಗಿಯಿತು. ಮಾರನೇ ದಿನ ಕಿರಣ್ ತಾನಾಗಿ ಹೇಳಿದರೆ ಹೇಳಿದ, ಇಲ್ಲದಿದ್ದರೆ ಇಲ್ಲ.

ಆದರೂ ಮೊದಲ ಸಲ ಬಳಸುವುದು ಕಷ್ಟ. ‘ಇಷ್ಟಕ್ಕೇ ಬೇಜಾರಾ’ ಅನ್ನಿಸಿಕೊಳ್ಳುವ ಭಯ. ಇದಕ್ಕೆ ನನಗೆ ಸರಿ ಅನ್ನಿಸುವ ದಾರಿ, ಗುಂಪಿನಲ್ಲಿ ಅತಿ ಜೋರಾಗಿ ರೇಗಿಸುವವರೇ ಮೊದಲು ಬಳಸುವುದು, ಅದೂ ಸಣ್ಣ ವಿಷಯಕ್ಕೆ, ಅವರ ಕೂದಲಿನ ಜೋಕು ಬೇಸರವಾಯಿತು ಅನ್ನುವಷ್ಟು ಸಣ್ಣದಕ್ಕೆ. ಅದನ್ನು ನೋಡಿದ ಮೇಲೆ ಉಳಿದವರಿಗೆ ಧೈರ್ಯ ಬರುತ್ತದೆ. ಇನ್ನೊಬ್ಬರ ಪರವಾಗಿಯೂ ಸಂಕೇತ ಕೊಡಬಹುದು ಎಂದು ಮಾಡಿಕೊಳ್ಳಿ. ಕಿರಣ್ ತಡವಾಗಿ ನಕ್ಕದ್ದನ್ನು ಸುಮಾ ಗಮನಿಸಿದರೆ ಅವಳೇ ಅಂಗೈ ಇಡಲಿ. ಯಾರಿಗೋಸ್ಕರ ಇಟ್ಟಳು ಎಂದು ಹೇಳಬೇಕಾಗಿಲ್ಲ.

ಕೆಡುವುದೂ ಉಂಟು. ‘ಅಯ್ಯೋ, ಅವನಿಗೆ ಭೂಗೋಳ ಆಯ್ತು!’ ಎಂದು ಯಾರಾದರೂ ನಕ್ಕರೆ ಆಟವು ಆ ಪದವನ್ನೂ ನುಂಗಿತು ಎಂದೇ ಅರ್ಥ. ಅದನ್ನು ಅಲ್ಲಿಗೇ ಬಿಟ್ಟು ಹೊಸ ಪದ ಹುಡುಕಬೇಕು, ಹೊಸದರ ಬಗ್ಗೆ ಜೋಕು ಬೇಡ ಎಂದೂ ಹೇಳಿಕೊಳ್ಳಬೇಕು. ಇನ್ನೊಂದು ಥರ: ಸಾಲ ವಾಪಸ್ ಕೊಡುವ ಮಾತು ಬಂದಾಗಲೆಲ್ಲ ಒಬ್ಬರು ಪದ ಹೇಳಿ ಜಾರಿಕೊಳ್ಳುತ್ತಾರೆ. ಈ ಸಂಕೇತ ಗೇಲಿಗೆ ಮಾತ್ರ, ಲೆಕ್ಕದ ಮಾತಿಗಲ್ಲ. ಲೆಕ್ಕದ ಮಾತನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ, ಆದರೆ ಯಾವತ್ತು ಅಂತ ಹೇಳಿಯೇ ಇಟ್ಟುಕೊಳ್ಳಿ. ಒಬ್ಬರೇ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಸಂಕೇತ ಕೊಡುತ್ತಿದ್ದರೆ, ಆ ವಿಷಯವನ್ನು ಜೋಕಿನ ಪಟ್ಟಿಯಿಂದಲೇ ತೆಗೆಯುವ ಹೊತ್ತು ಬಂದಿದೆ.

ಗ್ರೂಪ್ ಚಾಟಿನಲ್ಲಿ ಇದು ಇನ್ನೂ ಕಠಿಣ. ದನಿ ಇಲ್ಲ, ಮುಖ ಇಲ್ಲ, ಎಲ್ಲರೂ ಒಂದೇ ಹೊತ್ತಿಗೆ ಇರುವುದೂ ಇಲ್ಲ. ಕಿರಣ್ ಎಂಟು ಗಂಟೆಗೆ ‘ಭೂಗೋಳ’ ಎಂದು ಬರೆದಿರುತ್ತಾನೆ, ಹತ್ತಕ್ಕೆ ಚಾಟ್ ತೆರೆದ ಆಶಾ ಮೇಲಿನ ಜೋಕು ನೋಡಿದ ಕೂಡಲೇ ಇನ್ನೊಂದು ಸೇರಿಸುತ್ತಾಳೆ. ಹಾಗಾಗಿ ಅಲ್ಲಿಗೆ ಒಂದು ಹೆಚ್ಚಿನ ನಿಯಮ ಬೇಕು: ಹಳೇ ಜೋಕಿಗೆ ಉತ್ತರ ಬರೆಯುವ ಮೊದಲು ಕೊನೆಯ ತನಕ ಓದಬೇಕು, ಪದ ಕಂಡರೆ ಅದಕ್ಕಿಂತ ಮೇಲಿನದನ್ನು ಮುಟ್ಟಬಾರದು.

ಇದೆಲ್ಲ ನಡೆಯುವುದು ಒಬ್ಬರಿಗೆ ನೋವಾಗಿದೆ ಎಂದು ತಿಳಿದರೆ ನಿಲ್ಲಿಸಲು ಮನಸ್ಸಿರುವವರ ನಡುವೆ. ತಿಳಿದೂ ಮುಂದುವರಿಸುವವರು ಗುಂಪಿನಲ್ಲಿದ್ದರೆ, ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಎಂದು ಈ ಪದವೇ ಅವರಿಗೆ ತೋರಿಸಿಕೊಡುತ್ತದೆ. ಪದ ಕೇಳಿದ ಮೇಲೂ ಅದೇ ವ್ಯಕ್ತಿ ಎರಡು ಮೂರು ಸಲ ಮುಂದುವರಿಸಿದರೆ ಹೊಸ ಪದ ಹುಡುಕುತ್ತ ಕೂರಬೇಡಿ. ಅವರ ಮುಂದೆ ನಿಮ್ಮ ಮನಸ್ಸಿನ ವಿಷಯ ಹೇಳಿಕೊಳ್ಳುವುದನ್ನು ನಿಲ್ಲಿಸಿ.