ಅನುಮಾನಕ್ಕೊಂದು ಹೆಸರು: ಪ್ಯಾಪ್ ಸ್ಮಿಯರ್ ವರದಿಯ ಭಾಷೆ ಹುಟ್ಟಿದ ಕತೆ

ಪ್ಯಾಪ್ ಸ್ಮಿಯರ್ ಅಂದರೆ ಗರ್ಭಕಂಠದ ಕೋಶಗಳನ್ನು ಗಾಜಿಗೆ ಹಚ್ಚಿ ಕ್ಯಾನ್ಸರ್‌ನ ಸುಳಿವು ಹುಡುಕುವ ಪರೀಕ್ಷೆ. ಅದರ ವರದಿ ಹಿಡಿದು ಬಂದವರು ಕೇಳುವುದು ಒಂದೇ ಪ್ರಶ್ನೆ: "ಕ್ಯಾನ್ಸರ್ ಇದೆಯಾ, ಇಲ್ವಾ?" ವರದಿಯಲ್ಲಿ ಇದೆ ಅಂತಲೂ ಇರುವುದಿಲ್ಲ, ಇಲ್ಲ ಅಂತಲೂ ಇರುವುದಿಲ್ಲ. ಎಷ್ಟೋ ಸಲ 'ಆಸ್ಕಸ್' ಅಂತ ಇರುತ್ತದೆ. ಕೋಶಗಳಲ್ಲಿ ಏನೋ ವ್ಯತ್ಯಾಸ ಕಾಣುತ್ತಿದೆ, ಅದೇನು ಅಂತ ಖಚಿತವಾಗಿ ಹೇಳಲಾಗುತ್ತಿಲ್ಲ ಎಂದು ಅದರ ಅರ್ಥ. ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿದವರಿಗೆ 'ಗೊತ್ತಿಲ್ಲ' ಎಂಬ ಉತ್ತರ ಕೊಟ್ಟರೆ ಸಿಟ್ಟು ಬರುವುದು ಸಹಜವೇ. ಆದರೆ ಈ 'ಗೊತ್ತಿಲ್ಲ' ಸುಮ್ನೆ ಹುಟ್ಟಿದ್ದಲ್ಲ. ಅದರ ಹಿಂದೆ ಸುಮಾರು ಅರವತ್ತು ವರ್ಷಗಳ ಜಗಳವಿದೆ.

ಜಾರ್ಜ್ ಪಾಪನಿಕೊಲಾವ್ ಗ್ರೀಸ್‌ನಿಂದ ನ್ಯೂಯಾರ್ಕಿಗೆ ಹೋದವರು. ಅವರು ಹುಡುಕುತ್ತಿದ್ದುದು ಕ್ಯಾನ್ಸರನ್ನಲ್ಲ, ಗಿನಿಯಿಲಿಗಳ ಋತುಚಕ್ರವನ್ನು. ಯೋನಿಯ ಸ್ರಾವವನ್ನು ಗಾಜಿಗೆ ಹಚ್ಚಿ, ಯಾವ ದಿನ ಎಂಥ ಕೋಶಗಳು ಬರುತ್ತವೆ ಎಂದು ನೋಡುತ್ತಿದ್ದರು. ಮುಂದೆ ಹೆಂಗಸರ ಸ್ಮಿಯರ್‌ಗಳನ್ನೂ ನೋಡಲು ಶುರು ಮಾಡಿದರು. ಹೆಂಡತಿ ಆಂಡ್ರೊಮಾಕಿ ವರ್ಷಗಟ್ಟಲೆ ತಮ್ಮದೇ ಮಾದರಿ ಕೊಟ್ಟರು. ಆ ಕೆಲಸದ ನಡುವೆ ಕ್ಯಾನ್ಸರ್ ಕೋಶಗಳು ಕಣ್ಣಿಗೆ ಬಿದ್ದವು. 1928ರಲ್ಲಿ ಅದನ್ನು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ರೊಮೇನಿಯಾದ ಔರೆಲ್ ಬಾಬೆಶ್ ಕೂಡ ಇದೇ ಮಾತು ಹೇಳಿದ್ದರು. ಜನ ಗಮನಿಸಿದ್ದು 1941ರಲ್ಲಿ, ಪಾಪನಿಕೊಲಾವ್ ಮತ್ತು ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಸೇರಿ ಬರೆದ ಲೇಖನ ಬಂದ ಮೇಲೆ. ಮರುವರ್ಷ ಬಣ್ಣ ಹಾಕುವ ವಿಧಾನವೂ ಅಚ್ಚಾಯಿತು.

ಆ ಬಣ್ಣದ ಜಾಣತನ ನೋಡಿ. ಹೆಮಟಾಕ್ಸಿಲಿನ್ ಕೋಶದ ನಡುವಿನ ಬೀಜಕ್ಕೆ, ಅಂದರೆ ನ್ಯೂಕ್ಲಿಯಸ್‌ಗೆ, ನೀಲಿ ಬಣ್ಣ ಕೊಡುತ್ತದೆ. ಆಮೇಲೆ ಬರುವ ಓ.ಜಿ. 6 ಎಂಬ ಬಣ್ಣ ಗಟ್ಟಿಯಾಗಿ ಕೆರಟಿನ್ ತುಂಬಿದ ಕೋಶಗಳಿಗೆ ಕಿತ್ತಳೆ ಬಣ್ಣ ಹಚ್ಚುತ್ತದೆ. ಕೊನೆಯ ಇ.ಎ. ಎಂಬ ಬಣ್ಣ ಬಲಿತ ಮೇಲ್ಪದರದ ಕೋಶಗಳನ್ನು ಗುಲಾಬಿ ಮಾಡುತ್ತದೆ, ಎಳೆಯವನ್ನು ಹಸಿರು-ನೀಲಿಯಾಗಿ ಬಿಡುತ್ತದೆ. ಕೋಶ ಎಷ್ಟು ಬಲಿತಿದೆ ಎಂದು ತಿಳಿಯುವುದು ಋತುಚಕ್ರ ಓದಲು ಬೇಕಿತ್ತು. ಕ್ಯಾನ್ಸರ್ ಹುಡುಕುವವರಿಗೂ ಅದೇ ಬೇಕಾಯಿತು. ಇನ್ನೊಂದು ಲಾಭವೂ ಇದೆ. ಕೊನೆಯ ಎರಡು ಬಣ್ಣಗಳು ಆಲ್ಕೋಹಾಲಿನಲ್ಲಿ ಕರಗಿರುವುದರಿಂದ ಕೋಶದ ಮೈ ತೆಳುವಾದ ಪಾರದರ್ಶಕ ಕಾಗದದಂತೆ ಆಗುತ್ತದೆ. ಒಂದರ ಮೇಲೊಂದು ಬಿದ್ದ ಕೋಶಗಳಲ್ಲೂ ಕೆಳಗಿನದರ ಬೀಜ ಕಾಣುತ್ತದೆ.

ಸರಿ, ಕಂಡಿತು. ಬರೆಯುವುದು ಹೇಗೆ? ಪಾಪನಿಕೊಲಾವ್ ಒಂದರಿಂದ ಐದರವರೆಗೆ 'ಕ್ಲಾಸ್' ಮಾಡಿದರು. ಒಂದು ಅಂದರೆ ಎಲ್ಲ ಸರಿ, ಐದು ಅಂದರೆ ಕ್ಯಾನ್ಸರ್ ಖಚಿತ. ನೋಡಲು ಸುಲಭ, ಅಲ್ವಾ? ಆದರೆ ಆ ಅಂಕಿಗಳು ಅಳೆಯುತ್ತಿದ್ದುದು ಕಾಯಿಲೆಯನ್ನಲ್ಲ, ನೋಡುವವರ ಧೈರ್ಯವನ್ನು. ಕ್ಲಾಸ್ ಮೂರು ಅಂದರೆ 'ಕ್ಯಾನ್ಸರ್ ಇರಬಹುದು, ಖಚಿತವಿಲ್ಲ'. ಕ್ಲಾಸ್ ಎರಡು ಒಂದು ಲ್ಯಾಬಿನಲ್ಲಿ ಬರೀ ಸೋಂಕು, ಇನ್ನೊಂದರಲ್ಲಿ ಕ್ಯಾನ್ಸರ್‌ಗೆ ಮುಂಚಿನ ಸಣ್ಣ ಬದಲಾವಣೆ. ವರದಿ ಓದುವ ಡಾಕ್ಟರಿಗೆ ಲ್ಯಾಬಿನವರ ಸ್ವಭಾವ ಗೊತ್ತಿರಬೇಕಿತ್ತು.

ನಡುವೆ, ಕ್ಯಾನ್ಸರ್‌ಗೆ ಮುಂಚೆ ಕೋಶಗಳಲ್ಲಿ ಆಗುವ ಬದಲಾವಣೆಗಳಿಗೆ 'ಡಿಸ್‌ಪ್ಲೇಸಿಯಾ' ಎಂಬ ಹೆಸರು ಬಂತು. 1960ರ ದಶಕದ ಕೊನೆಗೆ ರಾಲ್ಫ್ ರಿಚರ್ಟ್ ಅದನ್ನೆಲ್ಲ 'ಸಿನ್' ಎಂಬ ಒಂದೇ ಏಣಿಗೆ ಜೋಡಿಸಿ ಒಂದು, ಎರಡು, ಮೂರು ಎಂದು ಮೆಟ್ಟಿಲು ಕಟ್ಟಿದರು. ಮೊದಲ ಮೆಟ್ಟಿಲು ಹತ್ತಿದವರು ಮೇಲಕ್ಕೇ ಹೋಗುತ್ತಾರೆ ಎಂಬ ಭಯ ಆಗ ಇತ್ತು. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್‌ನ ಕತೆ ತಿಳಿದ ಮೇಲೆ ಆ ಭಯ ಸಡಿಲವಾಯಿತು. ಕೆಳಗಿನ ಮೆಟ್ಟಿಲಿನ ಬಹುಪಾಲು ಬರೀ ವೈರಸ್ ಸೋಂಕು, ತಾನಾಗಿ ವಾಸಿಯಾಗುತ್ತದೆ.

ಗಲಾಟೆ ಜೋರಾದದ್ದು 1987ರಲ್ಲಿ. ಅಮೆರಿಕದ ಕೆಲವು ಲ್ಯಾಬುಗಳಲ್ಲಿ ಅವಸರದಲ್ಲಿ ಸ್ಲೈಡ್ ನೋಡಿ ಕ್ಯಾನ್ಸರ್ ತಪ್ಪಿಸಿಕೊಳ್ಳುತ್ತಿದೆ ಎಂದು ಪತ್ರಿಕೆಯಲ್ಲಿ ಬಂತು. 1988ರಲ್ಲಿ ಕಾನೂನೇ ಬಂತು. ಅದರ ಕೆಳಗೆ ಬಂದ ನಿಯಮಗಳ ಪ್ರಕಾರ ಒಬ್ಬರು ದಿನಕ್ಕೆ ನೂರಕ್ಕಿಂತ ಜಾಸ್ತಿ ಸ್ಲೈಡ್ ನೋಡುವಂತಿಲ್ಲ. 'ಏನೂ ಇಲ್ಲ' ಎಂದು ಬಿಟ್ಟ ಸ್ಲೈಡ್‌ಗಳಲ್ಲಿ ನೂರಕ್ಕೆ ಹತ್ತನ್ನಾದರೂ ಮತ್ತೆ ನೋಡಬೇಕು. ಅದೇ ವರ್ಷ ಡಿಸೆಂಬರಿನಲ್ಲಿ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ತಜ್ಞರು ಕೂತು ಹೊಸ ಭಾಷೆ ಮಾಡಿದರು. ಇವತ್ತಿಗೂ ನಮ್ಮ ವರದಿಗಳಲ್ಲಿರುವುದು ಅದೇ. 1991, 2001, 2014ರಲ್ಲಿ ಅದಕ್ಕೆ ರಿಪೇರಿ ಆಗಿದೆ.

ಬೆಥೆಸ್ಡಾದ ತರ್ಕ ನನಗೆ ಇಷ್ಟ. ಅದು ಕೋಶ ಎಷ್ಟು ಕೆಟ್ಟಿದೆ ಎಂದು ಕೇಳುವುದಿಲ್ಲ, ಮುಂದೆ ಏನು ಮಾಡಬೇಕು ಎಂದು ಕೇಳುತ್ತದೆ. ಸ್ಲೈಡ್ ನೋಡಲು ಯೋಗ್ಯವೇ ಎಂಬುದು ಮೊದಲ ಪ್ರಶ್ನೆ. ಗಾಜಿಗೆ ನೇರವಾಗಿ ಹಚ್ಚಿದ ಸ್ಮಿಯರ್ ಆದರೆ ಚೆನ್ನಾಗಿ ಕಾಣುವ ಚಪ್ಪಟೆ ಕೋಶಗಳು ಸುಮಾರು 8,000ದಿಂದ 12,000 ಇರಬೇಕು. ಆಮೇಲೆ 'ನಿಲ್ಮ್', ಅಂದರೆ ಭಯವಿಲ್ಲ. ಇಲ್ಲವಾದರೆ ಎರಡೇ ಬುಟ್ಟಿ. ಎಲ್‌ಸಿಲ್ ಬುಟ್ಟಿಗೆ ವೈರಸ್‌ನ ಗುರುತು ಮತ್ತು ಸಿನ್ ಒಂದು. ಇದನ್ನು ಬಹಳಷ್ಟು ಸಲ ಕಾದು ನೋಡಬಹುದು. ಎಚ್‌ಸಿಲ್ ಬುಟ್ಟಿಗೆ ಸಿನ್ ಎರಡು ಮತ್ತು ಮೂರು. ಇಲ್ಲಿ ಕಾಯುವ ಹಾಗಿಲ್ಲ, ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಕಾಲ್ಪೋಸ್ಕೋಪಿಗೆ ಕಳಿಸಬೇಕು. ಎರಡನ್ನೂ ಮೂರನ್ನೂ ಬೇರೆ ಮಾಡಲು ಹೋದರೆ ಇಬ್ಬರು ಪ್ಯಾಥಾಲಜಿಸ್ಟ್‌ಗಳು ಒಂದೇ ಮಾತು ಹೇಳುವುದು ಕಷ್ಟ. ಜಗಳ ಆಗುವ ಗೆರೆಗಳನ್ನೇ ಅವರು ಅಳಿಸಿಬಿಟ್ಟರು.

ಆದರೆ ಒಂದು ಗೆರೆ ಉಳಿಯಿತು. ನಿಲ್ಮ್ ಮತ್ತು ಎಲ್‌ಸಿಲ್ ನಡುವಿನ ಗೆರೆ. ಅಲ್ಲೇ ಆಸ್ಕಸ್ ಕೂತಿದೆ.

ಈ ಗೆರೆಯನ್ನು ಅಳೆಯುವುದು ಹೀಗೆ. ಮಧ್ಯಪದರದ ಸಾಮಾನ್ಯ ಕೋಶದ ಬೀಜವೇ ನಮ್ಮ ಅಳತೆಗೋಲು. ಅದರ ವಿಸ್ತೀರ್ಣ ಸುಮಾರು 35 ಚದರ ಮೈಕ್ರಾನ್. ಅದಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾದರೆ ಆಸ್ಕಸ್. ಮೂರು ಪಟ್ಟು ಮೀರಿ ಬೀಜ ಕಪ್ಪಾಗಿ, ಅಂಚು ಡೊಂಕಾಗಿದ್ದರೆ ಎಲ್‌ಸಿಲ್. ಇದನ್ನು ನಾನೊಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಎರಡೂವರೆ ಪಟ್ಟಿನ ಬೀಜದ ಅಡ್ಡಳತೆ ಸುಮಾರು ಹತ್ತೂವರೆ ಮೈಕ್ರಾನ್, ಮೂರು ಪಟ್ಟಿನದು ಹನ್ನೊಂದೂವರೆ. ನಡುವೆ ಇರುವುದು ಒಂದೇ ಮೈಕ್ರಾನ್. ಮೈಕ್ರೋಸ್ಕೋಪಿನಲ್ಲಿ ಯಾರೂ ಸ್ಕೇಲ್ ಇಟ್ಟು ಅಳೆಯುವುದಿಲ್ಲ, ಎಲ್ಲ ಕಣ್ಣಂದಾಜು. ಗಾತ್ರ ಒಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ, ನಿಜ. ಆದರೂ ಒಂದು ಮೈಕ್ರಾನಿನ ಮೇಲೆ ಎಷ್ಟು ಹೊರೆ ಬೀಳುತ್ತದೆ ನೋಡಿ.

ಈಗ ಆ ಅಳತೆಗೋಲೇ ಉಬ್ಬಿದರೆ?

ಒಂದು ಕ್ಯಾಂಪಿನಿಂದ ಬಂದ ಸ್ಲೈಡ್ ನೆನಪಿದೆ. ಮೇ ತಿಂಗಳು. 38 ವರ್ಷದ ಹೆಂಗಸಿನದು. ನಮ್ಮ ಟೆಕ್ನೀಷಿಯನ್ ಹುಡುಗಿ ಹತ್ತರ ಲೆನ್ಸಿನಲ್ಲಿ ಸಾಲು ಹಿಡಿದು, ಒಂದು ಸಾಲಿನ ಅಂಚು ಇನ್ನೊಂದರ ಮೇಲೆ ಬರುವಂತೆ ನೋಡುತ್ತಾ ಹೋಗಿ, ಪೆನ್ನಿನಲ್ಲಿ ಆರು ಚುಕ್ಕೆ ಇಟ್ಟಿದ್ದಳು. "ಮೇಡಂ, ಆಸ್ಕಸ್ ಅನ್ಸುತ್ತೆ, ಬೀಜ ಎಲ್ಲಾ ದಪ್ಪ ಇದೆ" ಅಂದಳು. ನೋಡಿದೆ. ದಪ್ಪವೇನೋ ಇತ್ತು. ಆದರೆ ಒಂದಲ್ಲ, ಎರಡಲ್ಲ, ಆ ಜಾಗದ ಅಷ್ಟೂ ಕೋಶಗಳ ಬೀಜ ಒಂದೇ ಸಮನೆ ಊದಿಕೊಂಡಿದ್ದವು. ಒಳಗಿನ ಕಾಳುಕಾಳು ರಚನೆ ಹೋಗಿ ಮಸಿ ಒರೆಸಿದ ಹಾಗೆ ಮಾಸಲು. ಹಸಿರಾಗಿರಬೇಕಾದ ಮೈಯೂ ಗುಲಾಬಿ ತಿರುಗಿತ್ತು. ಪಕ್ಕದ ಬಿಳಿರಕ್ತಕಣಗಳೂ ಚಪ್ಪಟೆಯಾಗಿ ಹರಡಿಕೊಂಡಿದ್ದವು. ಕಾಯಿಲೆ ಬಿಳಿರಕ್ತಕಣವನ್ನೂ ಕೂಡಿಸಿಕೊಂಡು ಊದಿಸುವುದಿಲ್ಲ.

"ಚುಕ್ಕೆಗಳೆಲ್ಲ ಎಲ್ಲಿವೆ ನೋಡಮ್ಮ" ಅಂದೆ. ಆರೂ ತೆಳುವಾದ ಅಂಚಿನಲ್ಲಿದ್ದವು. ಸ್ಲೈಡನ್ನು ಮಧ್ಯಕ್ಕೆ, ಲೋಳೆ ಸ್ವಲ್ಪ ದಪ್ಪಗಿದ್ದ ಕಡೆ ತಂದೆವು. ಅಲ್ಲಿ ಅದೇ ಹೆಂಗಸಿನ ಅದೇ ಜಾತಿಯ ಕೋಶಗಳು, ಹಸಿರು ಮೈ, ನಡುವೆ ಪುಟ್ಟ, ಚೊಕ್ಕ ಬೀಜ.

ಆಗಿದ್ದು ಇಷ್ಟೇ. ಸ್ಮಿಯರ್ ಹಚ್ಚಿದ ತಕ್ಷಣ, ಹಸಿಯಿರುವಾಗಲೇ, 95 ಶೇಕಡ ಆಲ್ಕೋಹಾಲಿನಲ್ಲಿ ಮುಳುಗಿಸಬೇಕು. ಕಡಿಮೆಯೆಂದರೂ ಕಾಲು ಗಂಟೆ ಅಲ್ಲಿರಬೇಕು. ಹಾಗೆ ಮುಳುಗಿದ ಕೋಶ ಕುಗ್ಗಿ, ಗುಂಡಗೆ, ಗಟ್ಟಿಯಾಗುತ್ತದೆ. ನಮ್ಮ 35ರ ಅಳತೆ ಆ ಕುಗ್ಗಿದ ಕೋಶದ್ದು. ಗಾಳಿಗೆ ಒಣಗಿದ ಕೋಶ ಗಾಜಿಗೆ ಅಂಟಿ ಅಗಲವಾಗುತ್ತದೆ, ಬೀಜವೂ ಜೊತೆಗೆ ಹರಡುತ್ತದೆ. ಕ್ಯಾಂಪಿನ ಮೇಜಿನ ಮೇಲೆ ಫ್ಯಾನ್ ತಿರುಗುತ್ತಿತ್ತಂತೆ. ಹೆಸರು ಬರೆದು, ನಂಬರ್ ಹಾಕಿ, ಆಮೇಲೆ ಜಾರಿನ ಮುಚ್ಚಳ ತೆಗೆದಿದ್ದಾರೆ. ತೆಳುವಾದ ಅಂಚು ಅಷ್ಟರಲ್ಲೇ ಒಣಗಿದೆ. ಯಾರದು ತಪ್ಪು ಅಂತ ಹುಡುಕಿ ಪ್ರಯೋಜನವಿಲ್ಲ, ಅವತ್ತು ಅಲ್ಲಿ ಸಾಲು ಬಾಗಿಲ ಆಚೆಗೂ ಇತ್ತು.

ಒಣಗಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮುಕ್ಕಾಲು ಭಾಗ ಮೀರಿದ್ದರೆ 'ನೋಡಲು ಯೋಗ್ಯವಲ್ಲ' ಅಂತ ಬರೆಯಬೇಕಿತ್ತು. ಉಳಿದ ಕಡೆ ಕೋಶಗಳು ಸಾಕಷ್ಟಿದ್ದವು. ನಿಲ್ಮ್ ಎಂದು ಬರೆದು, ಒಂದು ಭಾಗ ಗಾಳಿಗೆ ಒಣಗಿದೆ ಎಂಬ ಟಿಪ್ಪಣಿ ಸೇರಿಸಿದೆವು.

ಹಾಗಂತ ಒಣಗಿದ ಸ್ಲೈಡ್ ಸಿಕ್ಕಾಗೆಲ್ಲ ಧೈರ್ಯದಿಂದ ನಿಲ್ಮ್ ಅನ್ನಲಾಗದು. ಎಚ್‌ಸಿಲ್ ಕೋಶಗಳು ದೊಡ್ಡವಲ್ಲ, ಸಣ್ಣವು. ಮೈ ಕಡಿಮೆ, ಬೀಜವೇ ಜಾಸ್ತಿ. ಕೆಲವೊಮ್ಮೆ ಲೋಳೆಯ ಎಳೆಯಲ್ಲಿ ಇರುವೆ ಸಾಲಿನಂತೆ ಹತ್ತಿಪ್ಪತ್ತು ಮಾತ್ರ ಇರುತ್ತವೆ. 'ದೊಡ್ಡ ಬೀಜ' ಹುಡುಕುತ್ತಾ ಹೋದವರು ಇವನ್ನು ದಾಟಿ ಹೋಗಿಬಿಡುತ್ತಾರೆ. ಅದಕ್ಕೇ 2001ರಲ್ಲಿ ಅನುಮಾನವನ್ನೇ ಎರಡು ಮಾಡಿದರು. ಸಾದಾ ಅನುಮಾನ ಆಸ್ಕಸ್. 'ಇದು ಎಚ್‌ಸಿಲ್ ಅಲ್ಲ ಅಂತ ಹೇಳಲಾರೆ' ಎನ್ನುವ ಅನುಮಾನ ಆಸ್ಕ್-ಎಚ್. ಮೊದಲನೆಯದಕ್ಕೆ ವೈರಸ್ ಪರೀಕ್ಷೆ ಅಥವಾ ಮತ್ತೊಂದು ಸ್ಮಿಯರ್, ಎರಡನೆಯದಕ್ಕೆ ನೇರ ಕಾಲ್ಪೋಸ್ಕೋಪಿ.

ಆಸ್ಕಸ್ ಎಷ್ಟು ಅಲುಗಾಡುವ ಹೆಸರು ಎಂಬುದನ್ನು ಅಮೆರಿಕದ ಒಂದು ದೊಡ್ಡ ಅಧ್ಯಯನವೇ ತೋರಿಸಿತು. ಆಲ್ಟ್ಸ್ ಅಂತ ಅದರ ಹೆಸರು. ಲ್ಯಾಬುಗಳು ಆಸ್ಕಸ್ ಎಂದಿದ್ದ 1,473 ಸ್ಲೈಡ್‌ಗಳನ್ನು ಪರಿಣತರ ಮುಂದೆ ಮತ್ತೆ ಇಟ್ಟರು. ಅವರೂ ಆಸ್ಕಸ್ ಎಂದದ್ದು ಶೇಕಡ 43ಕ್ಕೆ ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ನಿಲ್ಮ್ ಕಡೆಗೆ ಇಳಿದವು. ಕೋರ್ಟಿನ ಭಯ ಇದ್ದ ಕಡೆ ಅನುಮಾನದ ಬುಟ್ಟಿ ತುಂಬುವುದು ಆಶ್ಚರ್ಯವೇನಲ್ಲ. ಲ್ಯಾಬಿನ ಆಸ್ಕಸ್ ಸಂಖ್ಯೆ ಎಲ್‌ಸಿಲ್-ಎಚ್‌ಸಿಲ್ ಸೇರಿದ ಸಂಖ್ಯೆಯ ಎರಡು-ಮೂರು ಪಟ್ಟು ಮೀರಬಾರದು ಎಂಬ ಲೆಕ್ಕ ಹುಟ್ಟಿದ್ದು ಈ ಬುಟ್ಟಿಗೆ ತಳ ಹಾಕಲೆಂದೇ.

ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮ ಈ ಇಡೀ ಸರಪಳಿಯನ್ನೇ ಪಕ್ಕಕ್ಕಿಟ್ಟಿದೆ. 2016ರ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಸಿಡ್ ಹಚ್ಚಿ, ಬೆಳ್ಳಗಾಗುವ ಜಾಗವಿದೆಯೇ ಎಂದು ಕಣ್ಣಲ್ಲೇ ನೋಡುತ್ತಾರೆ. ಸ್ಲೈಡ್ ಬೇಡ, ಬಣ್ಣ ಬೇಡ, ವರದಿಗೆ ಕಾಯುವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ವೈರಸ್ ಪರೀಕ್ಷೆಯನ್ನೇ ಮೊದಲು ಮಾಡಿ ಎನ್ನುತ್ತಿದೆ. ಸ್ಮಿಯರ್ ಉಳಿದಿರುವುದು ಆಸ್ಪತ್ರೆಗಳಲ್ಲಿ, ಖಾಸಗಿ ಲ್ಯಾಬುಗಳಲ್ಲಿ, ಮತ್ತು ನಮ್ಮಂಥವರ ಮೇಜಿನ ಮೇಲೆ.

ಆ ಕ್ಯಾಂಪಿನವರು ಮುಂದಿನ ಸಲ ಕರೆದಾಗ ನಮ್ಮ ಹುಡುಗಿಯೇ ಜೊತೆಗೆ ಹೋದಳು. ಸ್ಲೈಡ್‌ಗಳ ಒಂದು ತುದಿಗೆ ಮೊದಲೇ ಪೆನ್ಸಿಲಿನಲ್ಲಿ ನಂಬರ್ ಬರೆದುಕೊಂಡಿದ್ದಳು. ಜಾರಿನ ಮುಚ್ಚಳ ತೆಗೆದು ಡಾಕ್ಟರ ಕೈಗೆ ಎಟುಕುವಲ್ಲಿ ಇಟ್ಟು, ಆಮೇಲೆ ಫ್ಯಾನ್ ಆಫ್ ಮಾಡಿದಳಂತೆ. ಸೆಕೆಗೆ ಎಲ್ಲರೂ ಬೈದರು ಅಂತ ಬಂದು ಹೇಳಿದಳು. ಅವತ್ತು ಬಂದ ಸ್ಲೈಡ್‌ಗಳಲ್ಲಿ ಗುಲಾಬಿ ಅಂಚು ಒಂದರಲ್ಲೂ ಇರಲಿಲ್ಲ.